ಕ್ರ್ಯಾಕ್ ಅಂದ್ರ ಹುಚ್ಚಲ್ಲ

ಡಬ್ಲಿನ್ ಟೀಮ್ ಜೊತೆ ಮೊದಲ ಕಾಲ್. ಆ ಕಡೆಯ ಹಿರಿಯ ಎಂಜಿನಿಯರ್ "ವಾಟ್ಸ್ ದಿ ಕ್ರ್ಯಾಕ್?" ಅಂತ ಕೇಳಿದ. ನಮ್ಮ ಹುನಗುಂದ ಕಡೆ ಕ್ರ್ಯಾಕ್ ಅಂದ್ರ ತಲಿ ಕೆಟ್ಟಾಂವ. ಬಿಲ್ಡ್ ಫೇಲ್ ಆಗಿದ್ದಕ್ಕ ಬೈತಿದಾನ ಅಂದ್ಕೊಂಡು ಲಾಗ್ ತೆಗೆದು ವಿವರಿಸಾಕ ಶುರು ಮಾಡಿದೆ. ಅವನು ಕೇಳಿದ್ದು ಇಳಕಲ್ ಬಸ್ ಸ್ಟ್ಯಾಂಡಿನ್ಯಾಗ ಗುರುತಿನವರು ಸಿಕ್ಕರ ಕೇಳೋ "ಏನ್ರಿ ಮತ್ತ, ಏನ್ ಸುದ್ದಿ?" ಅಷ್ಟೇ. "ವಿಶೇಷ ಏನಿಲ್ಲ" ಅಂದಿದ್ರ ಮುಗೀತಿತ್ತು.

ಆಮೇಲೆ ಈ ಪದದ ಬೆನ್ನು ಹತ್ತಿದೆ. ಐರಿಷ್ ಪಬ್ಬುಗಳ ಬೋರ್ಡಿನ ಮೇಲೆ craic ಅಂತ ಬರೆದಿರುತ್ತಾರೆ. ಹರಟೆ, ಹಾಡು, ಗೆಳೆಯರ ಮಜಾ, ಎಲ್ಲಾ ಸೇರಿ ಒಂದೇ ಪದ. ನೋಡಿದವರಿಗೆ ಅಪ್ಪಟ ಗೇಲಿಕ್ ಅನಿಸುತ್ತದೆ. ಅಸಲಿಗೆ ಅದು ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಆಡುಮಾತಿನ crack. ಅಲ್ಲಿ ಅದಕ್ಕೆ ಹರಟೆ, ಸುದ್ದಿ ಅಂತ ಅರ್ಥ ಇತ್ತು. ಅದು ಐರ್ಲೆಂಡಿನ ಉತ್ತರ ಭಾಗಕ್ಕೆ ಬಂತು. ಐರಿಷ್ ಭಾಷೆಯವರು ಅದನ್ನ ತಮ್ಮ ಕಾಗುಣಿತದಲ್ಲಿ craic ಅಂತ ಬರೆದುಕೊಂಡರು. 1970ರ ದಶಕದಲ್ಲಿ ಐರಿಷ್ ಭಾಷೆಯ ಒಂದು ಟಿವಿ ಕಾರ್ಯಕ್ರಮ "ಸಂಗೀತ, ಮಾತು, ಕ್ರ್ಯಾಕ್" ಅನ್ನೋದನ್ನ ಮನೆಮಾತು ಮಾಡಿತು. ಮುಂದೆ ಅದೇ ಹೊಸ ಕಾಗುಣಿತ ಇಂಗ್ಲಿಷಿಗೆ ವಾಪಸ್ ಬಂತು. ಹೋಗುವಾಗ ಇಂಗ್ಲಿಷ್ ವೇಷ, ಬರುವಾಗ ಗೇಲಿಕ್ ವೇಷ. ಪದಗಳ ಚರಿತ್ರೆ ಬರೆಯುತ್ತಿದ್ದ ಡಿಯರ್ಮಡ್ ಓ ಮುರಿಹೆ ಅವರಿಗೆ ಈ ವೇಷ ಒಂಚೂರೂ ಸೇರುತ್ತಿರಲಿಲ್ಲ. ನನಗೇನೋ ಅಷ್ಟು ಸಿಟ್ಟು ಬರಲ್ಲ. ಪಾರ್ಸಿಯ "ಮಜಾ" ನಮ್ಮದಾದ ಹಾಗೆ ಅದು ಅವರದಾಗಿದೆ.

sláinte ಮಾತ್ರ ಖರೇನ ಗೇಲಿಕ್. ಉಚ್ಚಾರ ಹೆಚ್ಚುಕಮ್ಮಿ "ಸ್ಲಾಂಚ". ಅರ್ಥ ಆರೋಗ್ಯ, ಐರ್ಲೆಂಡಿನ ಆರೋಗ್ಯ ಇಲಾಖೆಯ ಐರಿಷ್ ಹೆಸರಿನಲ್ಲೂ ಇದೇ ಪದ ಇದೆ. ಇಂಗ್ಲಿಷ್ ಮಾತಾಡುವಾಗ ಅದು ಬರೋದು ಗ್ಲಾಸು ಎತ್ತಿದಾಗ. ಆ ಗ್ಲಾಸಿನೊಳಗಿನ ವಿಸ್ಕಿಯೂ ಗೇಲಿಕ್ಕೇ: uisce beatha, ಅಂದರೆ ಜೀವಜಲ. ಇದು ಲ್ಯಾಟಿನ್ನಿನ ಅಕ್ವಾ ವಿಟೆಯ ಅನುವಾದ. 1494ರ ಸ್ಕಾಟ್ಲೆಂಡಿನ ಖಜಾನೆ ಲೆಕ್ಕದಲ್ಲಿ ಜಾನ್ ಕಾರ್ ಅನ್ನೋ ಸನ್ಯಾಸಿಗೆ ಈ ಅಕ್ವಾ ವಿಟೆ ಮಾಡಲು ಮಾಲ್ಟ್ ಕೊಟ್ಟ ದಾಖಲೆ ಇದೆ. ಗೇಲಿಕ್ ಹೆಸರಿನ ಬಾಲ ಉದುರಿ, ನೀರು ಅನ್ನೋ ಮೊದಲ ಪದವಷ್ಟೇ ಸವೆದು ವಿಸ್ಕಿ ಆಯಿತು. ಬಾದಾಮಿಯ ಬಾರಿನಲ್ಲಿ "ವಿಸ್ಕಿಗೆ ನೀರು ಹಾಕ್ರಿ" ಅಂದರೆ ನೀರಿಗೆ ನೀರು ಹಾಕಿದಂಗ.

ನಾನು ಇನ್ನೊಂದು ತಪ್ಪೂ ಮಾಡಿದೆ. ಕಾಲ್ ಮುಗಿಸುವಾಗ ಜಾಣತನ ತೋರಿಸಾಕ ಹೋಗಿ ಚಾಟಿನಲ್ಲಿ slainte ಅಂತ ಟೈಪ್ ಮಾಡಿದೆ. "ಬೆಳಗ್ಗೆ ಹತ್ತಕ್ಕೇ ಶುರುವಾ?" ಅಂತ ಆ ಕಡೆಯಿಂದ ಉತ್ತರ ಬಂತು. ಬೀಳ್ಕೊಡುವ ಪದ ಬೇರೆ: slán. ಅದರ ಅರ್ಥ ಕ್ಷೇಮ, sláinte ಹುಟ್ಟಿದ್ದೂ ಅದರಿಂದಲೇ. ಐರಿಷ್ ಭಾಷೆಯಲ್ಲಿ ಅದಕ್ಕೊಂದು ಕಟ್ಟುನಿಟ್ಟಿದೆ. ಹೊರಟವನಿಗೆ ಉಳಿದವನು slán leat ಅನ್ನಬೇಕು, ಉಳಿದವನಿಗೆ ಹೊರಟವನು slán agat ಅನ್ನಬೇಕು. ಇದನ್ನ ಅವ್ವನಿಗೆ ಹೇಳಿದೆ. "ಅದರಾಗೇನೈತೋ ವಿಶೇಷ? ಹೋಗಾಂವ ಬರ್ತೀನಿ ಅಂತಾನ, ಇರಾಕಿ ಹೋಗಿ ಬಾ ಅಂತಾಳ" ಅಂದಳು.