ಆಫರ್ ಪತ್ರದಿಂದ ಕಾರ್ಖಾನೆಯ ಗೇಟಿನವರೆಗೆ: ಮಧ್ಯಮ ಕೈಗಾರಿಕೆಗಳ ಎಂಪ್ಲಾಯರ್ ಬ್ರ್ಯಾಂಡಿಂಗ್ ಕುರಿತು ಒಂದು ಮರುಚಿಂತನೆ

ಉದ್ಯೋಗದಾತ ಸಂಸ್ಥೆಗೂ ಒಂದು ‘ಬ್ರ್ಯಾಂಡ್’ ಇರುತ್ತದೆ ಎಂಬ ವಿಚಾರವನ್ನು ಟಿಮ್ ಆಂಬ್ಲರ್ ಮತ್ತು ಸೈಮನ್ ಬ್ಯಾರೊ 1996ರಲ್ಲಿ ಮಂಡಿಸಿದರು. ಕೆಲಸದಿಂದ ಸಿಗುವ ಉಪಯುಕ್ತತೆ, ಹಣ ಮತ್ತು ಮಾನಸಿಕ ತೃಪ್ತಿಗಳ ಒಟ್ಟು ಕಟ್ಟು ಆ ಸಂಸ್ಥೆಯ ಹೆಸರಿನೊಂದಿಗೆ ಬೆಸೆದುಕೊಂಡಿರುತ್ತದೆ ಎಂಬುದು ಅವರ ವಾದ. ಲೀವೆನ್ಸ್ ಮತ್ತು ಹೈಹೌಸ್ 2003ರಲ್ಲಿ ಇದನ್ನು ಇನ್ನೂ ಸೂಕ್ಷ್ಮಗೊಳಿಸಿದರು. ಸಂಬಳ, ಊರು, ಬಡ್ತಿಯಂಥ ಲೆಕ್ಕಕ್ಕೆ ಸಿಗುವ ಗುಣಗಳು ಒಂದೆಡೆ. ‘ಅಲ್ಲಿ ಕೆಲಸ ಮಾಡುತ್ತೇನೆ’ ಎಂದು ಹೇಳಿಕೊಳ್ಳುವಾಗ ಸಿಗುವ ಸಾಂಕೇತಿಕ ಗುಣಗಳು ಇನ್ನೊಂದೆಡೆ. ಇವುಗಳ ಬಗ್ಗೆ ಈಗ ದೊಡ್ಡ ತಕರಾರೇನೂ ಉಳಿದಿಲ್ಲ. ತಕರಾರಿರುವುದು ಮುಂದಿನ ಪ್ರಶ್ನೆಯಲ್ಲಿ: ಯಾರಿಗೂ ಗೊತ್ತಿಲ್ಲದ ಸಂಸ್ಥೆಯೊಂದು ತನ್ನ ಬಗ್ಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು?

ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟವರು ಅಮೆರಿಕದ ಕ್ರಿಸ್ಟೋಫರ್ ಕಾಲಿನ್ಸ್. ಹಾನ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಹೀರಾತೂ ಹೆಸರೂ ಕಡಿಮೆ ಇರುವ ಸಂಸ್ಥೆಗಳಿಗೆ ಸರಳ ಪ್ರಚಾರ ಮತ್ತು ಪ್ರಾಯೋಜಕತ್ವ ಫಲ ಕೊಡುತ್ತವೆ, ವಿವರವಾದ ಜಾಹೀರಾತು ಮತ್ತು ನೌಕರರ ಶಿಫಾರಸು ಈಗಾಗಲೇ ಹೆಸರು ಮಾಡಿದವರಿಗೆ ಒದಗುತ್ತವೆ ಎಂದು ತೋರಿಸಿದರು. 2007ರ ಅವರ ಲೇಖನವೂ, ಸಂಸ್ಥೆಯ ಉತ್ಪನ್ನ ಜನರಿಗೆ ಎಷ್ಟು ಪರಿಚಿತ ಎಂಬುದನ್ನು ಆಧಾರವಾಗಿಟ್ಟುಕೊಂಡು, ಇದೇ ದಿಕ್ಕಿನಲ್ಲಿ ಸಾಗಿತು. ತರ್ಕ ಅಚ್ಚುಕಟ್ಟಾಗಿದೆ: ಹೆಸರೇ ಮನಸ್ಸಿನಲ್ಲಿ ನಿಂತಿರದಿದ್ದರೆ ವಿವರಗಳು ಅಂಟಿಕೊಳ್ಳಲು ಜಾಗವಿರುವುದಿಲ್ಲ. ಹಾಗಾಗಿ ಮೊದಲು ಹೆಸರು, ಆಮೇಲೆ ವಿವರ.

ನಮ್ಮ ಮಧ್ಯಮ ಕೈಗಾರಿಕೆಗಳು ಈ ಲೇಖನಗಳನ್ನು ಓದಿರಲಿ, ಬಿಡಲಿ, ನಡೆದುಕೊಳ್ಳುವುದು ಹೀಗೆಯೇ. ಕಾಲೇಜಿನ ಟೆಕ್ ಫೆಸ್ಟಿಗೆ ಬ್ಯಾನರು, ಪ್ಲೇಸ್‌ಮೆಂಟ್ ದಿನ ಇಪ್ಪತ್ತು ಸ್ಲೈಡುಗಳ ಪ್ರಸೆಂಟೇಷನ್, ಕೊನೆಗೆ ಒಂದು ಟೀ ಶರ್ಟು. ಕರ್ನಾಟಕದ ಸಣ್ಣ ಊರುಗಳ ಎಂಜಿನಿಯರಿಂಗ್ ಪದವೀಧರರ ವಿಷಯದಲ್ಲಿ ಈ ಕ್ರಮ ಉಲ್ಟಾ ಆಗಬೇಕು ಎಂಬುದು ಈ ಲೇಖನದ ವಾದ. ಇಲ್ಲಿ ಮಧ್ಯಮ ಕೈಗಾರಿಕೆ ಎಂದರೆ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ ಯಂತ್ರೋಪಕರಣದ ಹೂಡಿಕೆ 125 ಕೋಟಿ, ವಹಿವಾಟು 500 ಕೋಟಿ ರೂಪಾಯಿಗಳ ಮಿತಿಯೊಳಗಿನ ಘಟಕ. ಬೆಳಗಾವಿಯ ಫೌಂಡ್ರಿಗಳಲ್ಲಿ, ಪೀಣ್ಯದ ಬಿಡಿಭಾಗ ತಯಾರಕರಲ್ಲಿ, ಹುಬ್ಬಳ್ಳಿ–ಧಾರವಾಡದ ಕಾರ್ಖಾನೆಗಳಲ್ಲಿ ಇಂಥವು ಸಿಗುತ್ತವೆ. ಅವು ಮಾಡುವ ವಾಲ್ವ್ ಬಾಡಿ, ಗೇರ್, ಎರಕದ ಭಾಗಗಳು ಇನ್ನೊಂದು ಕಂಪನಿಯ ಯಂತ್ರದೊಳಗೆ ಸೇರಿಹೋಗುವುದರಿಂದ ಗ್ರಾಹಕನ ಕಣ್ಣಿಗೆ ಬೀಳುವುದೇ ಇಲ್ಲ. ಕಾಲಿನ್ಸ್ ಹೇಳುವ ‘ಅಪರಿಚಿತ ಸಂಸ್ಥೆ’ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತೊಡಕಿರುವುದು ಅಳತೆಯಲ್ಲಿ. ಕಾಲಿನ್ಸರ ಸಾಲಿನ ಅಧ್ಯಯನಗಳು ಅಳೆಯುವುದು ಅರ್ಜಿಯನ್ನು: ಯಾರು ಅರ್ಜಿ ಹಾಕಿದರು, ಎಷ್ಟು ಮಂದಿ, ಎಂಥವರು. ಅರ್ಜಿ ಹಾಕಲು ವಿದ್ಯಾರ್ಥಿ ಒಂದಿಷ್ಟು ಹುಡುಕಿ, ಓದಿ, ಆರಿಸಬೇಕಾದ ಕಡೆ ಈ ಅಳತೆಗೆ ಅರ್ಥವಿದೆ. ಬಾಗಲಕೋಟೆ, ಹಾಸನ, ಕಲಬುರಗಿಯಂಥ ಊರಿನ ಕಾಲೇಜಿನಲ್ಲಿ ನಡೆಯುವುದು ಬೇರೆ. ಪ್ಲೇಸ್‌ಮೆಂಟ್ ಅಧಿಕಾರಿ ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಹಾಕುತ್ತಾರೆ: ಕಂಪನಿಯ ಹೆಸರು, ಯಾವ ಬ್ರ್ಯಾಂಚು, ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60, ಬ್ಯಾಕ್‌ಲಾಗ್ ಇರಕೂಡದು, ಪ್ಯಾಕೇಜ್ ಇಷ್ಟು. ಕೆಳಗೊಂದು ಫಾರ್ಮ್‌ನ ಲಿಂಕು. ಅರ್ಹತೆ ಇದ್ದವರೆಲ್ಲ ಅದನ್ನು ತುಂಬುತ್ತಾರೆ. ತುಂಬದಿದ್ದರೆ ‘ಯಾಕೋ ತುಂಬಲಿಲ್ಲ?’ ಎಂಬ ಪ್ರಶ್ನೆ ಬರುವ ಕಾಲೇಜುಗಳೂ ಇವೆ. ಬ್ಯಾನರು ಕಟ್ಟಿ ಗಳಿಸಬೇಕಾದ ಪರಿಚಯವನ್ನು ಪ್ಲೇಸ್‌ಮೆಂಟ್ ಸೆಲ್ ಎರಡು ಸಾಲಿನಲ್ಲಿ ಪುಕ್ಕಟೆ ಮಾಡಿಕೊಡುತ್ತದೆ. ಅರ್ಜಿಗೆ ಖರ್ಚೇ ಇಲ್ಲದ ಇಂಥ ಕಡೆ ಅರ್ಜಿಗಳ ಸಂಖ್ಯೆ ಬ್ರ್ಯಾಂಡಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ನಿಜವಾದ ನಿರ್ಧಾರ ಆಗುವುದು ಆಮೇಲೆ. ಆಫರ್ ಬರುವುದು ಹೆಚ್ಚಾಗಿ ಏಳನೆಯ ಸೆಮಿಸ್ಟರಿನಲ್ಲಿ, ಕೆಲಸಕ್ಕೆ ಸೇರುವುದು ಮುಂದಿನ ವರ್ಷದ ಜುಲೈ–ಆಗಸ್ಟಿನಲ್ಲಿ. ನಡುವಿನ ಆರೆಂಟು ತಿಂಗಳು ಕಾರ್ಖಾನೆ ಸಾಮಾನ್ಯವಾಗಿ ಮೌನವಾಗಿರುತ್ತದೆ. ಮನೆ ಮೌನವಾಗಿರುವುದಿಲ್ಲ. ‘ಅದೇನು ಕಂಪನಿ? ಯಾರೂ ಹೆಸರೇ ಕೇಳಿಲ್ಲವಲ್ಲ’ ಎಂದು ತಂದೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಹೋಗುತ್ತದೆ. ಈ ಅವಧಿಯಲ್ಲಿಯೇ ಐಟಿ ಕಂಪನಿಯೊಂದರ ಎರಡನೇ ಆಫರ್ ಬರಬಹುದು, ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಶುರುವಾಗಬಹುದು. ಮಧ್ಯಮ ಕಾರ್ಖಾನೆಯ ಬ್ರ್ಯಾಂಡು ಗೆಲ್ಲುವುದೋ ಸೋಲುವುದೋ ಮುಖ್ಯವಾಗಿ ಈ ಅವಧಿಯಲ್ಲಿ. ಆಗ ಕೆಲಸಕ್ಕೆ ಬರುವುದು ಹೆಸರಿನ ಪರಿಚಯವಲ್ಲ, ಪರೀಕ್ಷಿಸಿ ನೋಡಬಹುದಾದ ವಿವರ.

ಒಂದು ಮಾದರಿ ಲೆಕ್ಕ ನೋಡೋಣ. ಬೆಳಗಾವಿಯ ಕಾರ್ಖಾನೆಯೊಂದು ಗ್ರಾಜುಯೇಟ್ ಎಂಜಿನಿಯರ್ ಟ್ರೈನಿಗೆ ವರ್ಷಕ್ಕೆ 3 ಲಕ್ಷ ಸಿಟಿಸಿ ಘೋಷಿಸುತ್ತದೆ ಎಂದಿಟ್ಟುಕೊಳ್ಳಿ. ಮನೆಯವರು ಅದನ್ನು 12ರಿಂದ ಭಾಗಿಸಿ ತಿಂಗಳಿಗೆ 25,000 ಎಂದುಕೊಳ್ಳುತ್ತಾರೆ. ಮೂಲವೇತನ 12,500 ಇದ್ದರೆ ಕಂಪನಿಯ ಪಾಲಿನ ಪಿಎಫ್ 1,500, ಗ್ರಾಚ್ಯುಟಿಗೆಂದು ಸುಮಾರು 600, ವರ್ಷದ ಕೊನೆಗೆ ಕೊಡುವ ಬೋನಸ್ಸಿನ ತಿಂಗಳ ಪಾಲು 2,500, ಕಂಪನಿಯ ಪಾಲಿನ ಇಎಸ್‌ಐ ಸುಮಾರು 640, ಇವೆಲ್ಲ ಆ 25,000ದೊಳಗೇ ಸೇರಿರುತ್ತವೆ. ಉಳಿದದ್ದರಲ್ಲಿ ನೌಕರನ ಪಿಎಫ್ ಮತ್ತು ಇಎಸ್‌ಐ ಕಡಿತವಾಗಿ ಕೈಗೆ ಬರುವುದು ಸುಮಾರು 18,100. ಆಗಸ್ಟಿನ ಮೊದಲ ಸಂಬಳದಲ್ಲಿ ಈ ಏಳು ಸಾವಿರದ ಅಂತರ ಕಂಡರೆ ಹುಡುಗ ಮೋಸವಾಯಿತೆಂದುಕೊಳ್ಳುತ್ತಾನೆ, ಕಾನೂನಿನ ಪ್ರಕಾರ ಮೋಸವೇನೂ ನಡೆದಿರದಿದ್ದರೂ. ಡಿಸೆಂಬರಿನಲ್ಲೇ ಇದೇ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಮನೆಗೆ ಕಳಿಸಿದ್ದರೆ, ಜೊತೆಗೆ ಕ್ಯಾಂಟೀನಿನ ಊಟದ ದರ, ಕಂಪನಿ ಬಸ್ಸಿನ ದಾರಿ, ಆ ಊರಿನ ಕೋಣೆ ಬಾಡಿಗೆ ಬರೆದಿದ್ದರೆ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಬೆಂಗಳೂರಿನ ಪಿಜಿಯ ಖರ್ಚು ಕಳೆದು ನೋಡಿದರೆ ದೊಡ್ಡ ಐಟಿ ಕಂಪನಿಗಳ ಮೂರೂವರೆ ಲಕ್ಷದ ಆಸುಪಾಸಿನ ಪ್ಯಾಕೇಜಿನೊಂದಿಗೆ ಬೆಳಗಾವಿಯ ಈ ಆಫರ್ ಅಷ್ಟೇನೂ ಸೋಲುವುದಿಲ್ಲ. ಆದರೆ ಆ ಹೋಲಿಕೆಯನ್ನು ಕಾರ್ಖಾನೆಯೇ ಮಾಡಿ ತೋರಿಸಬೇಕು. ಚಿಕ್ಕಪ್ಪನ ಮಗ ಮಾಡುವುದಿಲ್ಲ.

ಜಾನ್ ವಾನಸ್ 1970ರ ದಶಕದಲ್ಲಿ ಹೇಳಿದ್ದು ಇಲ್ಲಿ ಒದಗುತ್ತದೆ: ಕೆಲಸದ ಒಳ್ಳೆಯದು, ಕೆಟ್ಟದು ಎರಡನ್ನೂ ಮೊದಲೇ ತಿಳಿಸಿದರೆ ಸೇರಿದ ಮೇಲಿನ ನಿರಾಸೆ ತಗ್ಗುತ್ತದೆ. ಮೊದಲ ತಿಂಗಳುಗಳು ಸಿಎನ್‌ಸಿ ಯಂತ್ರಗಳ ಸಾಲಿನಲ್ಲಿ ನಿಂತೇ ಕಳೆಯುತ್ತವೆ, ಬಿ ಶಿಫ್ಟ್ ಇರುತ್ತದೆ, ಡಿಸೈನ್ ಕೆಲಸ ಮೊದಲ ವರ್ಷ ಸಿಗುವುದಿಲ್ಲ. ಬದಲಾಗಿ ಟೂಲ್ ರೂಮ್, ತಪಾಸಣೆ ವಿಭಾಗ, ಉತ್ಪಾದನಾ ಯೋಜನೆ ಇವುಗಳಲ್ಲಿ ಸರದಿಯಂತೆ ದುಡಿದವನು ಒಂದು ಭಾಗ ಎರಕದಿಂದ ಡಿಸ್ಪ್ಯಾಚ್‌ವರೆಗೆ ಹೇಗೆ ಸಾಗುತ್ತದೆಂದು ಪೂರ್ತಿ ಬಲ್ಲವನಾಗುತ್ತಾನೆ. ದೊಡ್ಡ ಕಂಪನಿಯಲ್ಲಿ ಒಂದೇ ಮೇಜಿಗೆ ಕಟ್ಟುಬಿದ್ದವನಿಗೆ ಅದು ಸುಲಭಕ್ಕೆ ಸಿಗದು. ಇದನ್ನು ಅದೇ ಕಾಲೇಜಿನ, ಎರಡು ವರ್ಷ ಸೀನಿಯರ್ ಆದವನು ಹೇಳಿದರೆ ಸಿಗುವ ನಂಬಿಕೆ ಎಚ್‌ಆರ್ ಮ್ಯಾನೇಜರ್ ಹೇಳಿದರೆ ಸಿಗದು. ಹೆಸರಿಲ್ಲದ ಸಂಸ್ಥೆಗೆ ನೌಕರರ ಶಿಫಾರಸು ಅಷ್ಟಾಗಿ ಒದಗದೆಂಬ ಕಾಲಿನ್ಸ್–ಹಾನ್ ತೀರ್ಮಾನದಿಂದ ನಾನು ದೂರ ಸರಿಯುವುದು ಇಲ್ಲಿಯೇ. ಸೀನಿಯರ್ ಇಲ್ಲಿ ಕಂಪನಿಯ ಬ್ರ್ಯಾಂಡಿನ ಮೇಲೆ ನಿಂತು ಮಾತಾಡುವುದಿಲ್ಲ. ಕಾಲೇಜಿನ, ಊರಿನ ಸಂಬಂಧದ ಮೇಲೆ ನಿಂತು ಮಾತಾಡುತ್ತಾನೆ. ಕಂಪನಿ ಅಪರಿಚಿತವಾದರೂ ಅವನು ಅಪರಿಚಿತನಲ್ಲ.

ನಂಬಿಕೆ ಕೆಡಿಸುವ ಸಂಗತಿಯೂ ಒಂದಿದೆ, ಬಾಂಡು. ತರಬೇತಿ ಕೊಟ್ಟ ಮೇಲೆ ಹುಡುಗರು ಬಿಟ್ಟುಹೋಗುತ್ತಾರೆಂಬ ಅಳುಕಿನಿಂದ ಎರಡು–ಮೂರು ವರ್ಷದ ಬಾಂಡು ಬರೆಸಿಕೊಳ್ಳುವುದುಂಟು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದೂ ಉಂಟು. ಕನಿಷ್ಠ ಅವಧಿ ದುಡಿಯದಿದ್ದರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ, ಆದ್ದರಿಂದ ಬಾಂಡೆಲ್ಲ ಅಕ್ರಮವೆನ್ನಲಾಗದು. ಆದರೆ ಮೈಕೆಲ್ ಸ್ಪೆನ್ಸ್ 1973ರಲ್ಲಿ ವಿವರಿಸಿದ ಸಂಕೇತದ ತರ್ಕವನ್ನು ತಿರುಗಿಸಿ ನೋಡಿ: ಒಳಗಿನ ಸ್ಥಿತಿ ಕಾಣದವನು ಹೊರಗಿನ ಗುರುತುಗಳಿಂದಲೇ ಅದನ್ನು ಊಹಿಸುತ್ತಾನೆ. ಸರ್ಕಾರಿ ಬ್ಯಾಂಕಿನ ಬಾಂಡನ್ನು ‘ಬಿಡಲಾರದ ನೌಕರಿ’ ಎಂದು ಓದುವ ಕುಟುಂಬ, ಹೆಸರು ಕೇಳದ ಕಾರ್ಖಾನೆಯ ಬಾಂಡನ್ನು ‘ಹೊರಗೆ ಬಿಡದವರು’ ಎಂದು ಓದುತ್ತದೆ. ಉಳಿದವರಿಗೆ ಎರಡನೇ ವರ್ಷದ ಕೊನೆಗೆ ಇಂತಿಷ್ಟು ಹಣವೆಂದು ಬರೆದುಕೊಡುವುದು ಅದೇ ಉದ್ದೇಶಕ್ಕೆ ಹೆಚ್ಚು ಒಳ್ಳೆಯ ದಾರಿ. ಅಲ್ಲಿ ಮಾತಿಗೆ ಕಟ್ಟುಬೀಳುವವರು ಕಂಪನಿಯವರು.

ನನ್ನ ವಾದದ ಗಡಿಗಳನ್ನೂ ಹೇಳಬೇಕು. ಪ್ಲೇಸ್‌ಮೆಂಟ್ ಸೆಲ್ ಬಾಗಿಲು ತೆರೆದಿರುವ ಕಾಲೇಜುಗಳಿಗೆ ಮಾತ್ರ ಇದು ಅನ್ವಯಿಸುತ್ತದೆ; ಕ್ಯಾಂಪಸ್ಸಿನ ಹೊರಗಿನ ನೇಮಕಾತಿಯಲ್ಲಿ ಕಾಲಿನ್ಸ್ ಹೇಳುವಂತೆ ಹೆಸರಿನ ಪರಿಚಯವೇ ಮೊದಲ ತಡೆಯಾಗಿರಬಹುದು. ಮೆಕ್ಯಾನಿಕಲ್, ಇಂಡಸ್ಟ್ರಿಯಲ್, ಎಲೆಕ್ಟ್ರಿಕಲ್ ಬ್ರ್ಯಾಂಚುಗಳಿಗೆ ಹೊಂದುವ ಮಾತು ಕಂಪ್ಯೂಟರ್ ಸೈನ್ಸ್‌ಗೆ ಹೊಂದಲಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಶಿಫ್ಟು, ಹಾಸ್ಟೆಲು, ರಾತ್ರಿಯ ಸಾರಿಗೆ ಇವು ಸಂಬಳದ ಲೆಕ್ಕಕ್ಕಿಂತ ಮುಂಚೆ ಬರುವ ಪ್ರಶ್ನೆಗಳಾಗಿರಬಹುದು. ಸೀನಿಯರ್‌ಗಳನ್ನೇ ನೆಚ್ಚಿದರೆ ಒಂದೇ ಊರಿನ, ಒಂದೇ ಬಳಗದ ಹುಡುಗರು ತುಂಬಿಕೊಳ್ಳುವ ಅಪಾಯವೂ ಸಣ್ಣದಲ್ಲ. ಇನ್ನು ಸಂಬಳವೇ ತೀರಾ ಕಡಿಮೆಯಾಗಿದ್ದರೆ ಯಾವ ವಿವರವೂ ಅದನ್ನು ಮುಚ್ಚಲಾರದು.

ವಾದ ತಪ್ಪೆಂದು ತೋರಿಸುವ ದಾರಿಯೂ ಇದೆ. ಕಾರ್ಖಾನೆಯೊಂದು ಜನ ಎಲ್ಲಿ ಸೋರಿಹೋಗುತ್ತಿದ್ದಾರೆಂದು ಬರೆದಿಟ್ಟುಕೊಳ್ಳಲಿ. ಆಫರ್ ಪಡೆದು ಸೇರದವರು ಹೆಚ್ಚಿದ್ದರೆ ಮನೆಯ ಮಾತಿನಲ್ಲಿ ಸೋತಂತೆ. ಸೇರಿ ಮೂರು ತಿಂಗಳಲ್ಲಿ ಬಿಟ್ಟರೆ ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಂತೆ. ವರ್ಷ ದಾಟಿ ಬಿಟ್ಟರೆ ಸಂಬಳ, ಬಡ್ತಿಯ ವಿಷಯ. ಅರ್ಜಿಗಳೇ ಕಡಿಮೆಯಾಗಿದ್ದು ಉಳಿದ ಹಂತಗಳಲ್ಲಿ ಸೋರಿಕೆ ಇಲ್ಲದಿದ್ದರೆ, ಆಗ ಕಾಲಿನ್ಸರೇ ಸರಿ.

ಈ ಪರೀಕ್ಷೆಗೆ ಬೇಕಾದ ಅಂಕಿಗಳು ಬಿಡಿ ಕಾರ್ಖಾನೆಯ ಕಡತದಲ್ಲಿ ಸಿಕ್ಕಾವು, ಆದರೆ ಕಾಲೇಜುಗಳ ಮಟ್ಟದಲ್ಲಿ ಹೋಲಿಸಲು ಸಾಲವು. ಕಾಲೇಜಿನ ಪ್ರಕಟಣೆಗಳಲ್ಲಿ ಎದ್ದುಕಾಣುವುದು ಆಫರ್‌ಗಳ ಸಂಖ್ಯೆ ಮತ್ತು ಅತಿ ಹೆಚ್ಚಿನ ಪ್ಯಾಕೇಜು. ಪ್ಲೇಸ್‌ಮೆಂಟ್ ವಿಭಾಗಗಳು ಇವುಗಳ ಪಕ್ಕದಲ್ಲಿ ಇನ್ನೆರಡು ಅಂಕಣ ಸೇರಿಸಬೇಕೆಂದು ಕೋರುತ್ತೇನೆ: ಆಫರ್ ಪಡೆದವರಲ್ಲಿ ಕೆಲಸಕ್ಕೆ ಸೇರಿದವರೆಷ್ಟು, ಒಂದು ವರ್ಷದ ನಂತರ ಅಲ್ಲೇ ಇದ್ದವರೆಷ್ಟು, ಬ್ರ್ಯಾಂಚುವಾರು.