ಕುರ್ಚಿ ಸಾಲುಗಳ ಲೆಕ್ಕ: ಸಂದು ಮತ್ತು ದಾರಿ

ಸಭಾಂಗಣದಲ್ಲಿ ಕುರ್ಚಿ ಹಾಕುವಾಗ ಎರಡು ಬಗೆಯ ಜಾಗ ಬಿಡಬೇಕಾಗುತ್ತದೆ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಅಡ್ಡಡ್ಡ ಸರಿದು ಹೋಗುವಷ್ಟು ಸಂದು ಒಂದು. ಆ ಸಂದುಗಳೆಲ್ಲ ಬಂದು ಸೇರುವ ಓಡಾಟದ ದಾರಿ ಇನ್ನೊಂದು. ಇವೆರಡಕ್ಕೂ ಅಳತೆ ಗೊತ್ತುಮಾಡುವ ನಿಯಮಗಳು ಹೆಚ್ಚಾಗಿ ರಂಗಮಂದಿರದ ಅನಾಹುತಗಳ ಬೆನ್ನಲ್ಲೇ ಬಂದವು.

1903ರ ಡಿಸೆಂಬರ್ 30ರಂದು ಶಿಕಾಗೋದ ಇರೋಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದು 602 ಮಂದಿ ಸತ್ತರು. ಆ ದಿನ ಸೀಟು ಸಿಗದವರನ್ನು ಓಡಾಟದ ದಾರಿಗಳಲ್ಲೇ ನಿಲ್ಲಿಸಲಾಗಿತ್ತು. ಅಮೆರಿಕದ ಅಗ್ನಿ ಸುರಕ್ಷತಾ ಸಂಘ ಕಟ್ಟಡದಿಂದ ಹೊರಬರುವ ದಾರಿಗಳ ಬಗ್ಗೆ 1927ರಲ್ಲಿ ಹೊರತಂದ ಸಂಹಿತೆಯೇ ಇಂದಿನ ಜೀವ ಸುರಕ್ಷತಾ ಸಂಹಿತೆಯ ಮೂಲ. ಎರಡೂ ತುದಿಯಲ್ಲಿ ದಾರಿಯಿದ್ದರೆ ಸಾಲಿಗೆ 14 ಸೀಟು, ಒಂದೇ ತುದಿಯಲ್ಲಿದ್ದರೆ 7 ಎಂಬ ಲೆಕ್ಕ ಅಮೆರಿಕ, ಬ್ರಿಟನ್ ಎರಡೂ ಕಡೆ ರೂಢಿಗೆ ಬಂತು. ಯಾರೊಬ್ಬರೂ ದಾರಿ ಮುಟ್ಟಲು ಆರಕ್ಕಿಂತ ಹೆಚ್ಚು ಜನರನ್ನು ದಾಟಬೇಕಾಗಬಾರದು ಎಂಬುದೇ ಅದರ ಅರ್ಥ.

ಇದಕ್ಕೆ ಎದುರಾದ ಮಾದರಿಯೂ ಮೊದಲಿನಿಂದಲೇ ಇತ್ತು. 1876ರಲ್ಲಿ ತೆರೆದ ಜರ್ಮನಿಯ ಬೈರಾಯ್ಟ್ ರಂಗಮಂದಿರದಲ್ಲಿ ನಡುದಾರಿಯೇ ಇಲ್ಲ. ಉದ್ದನೆಯ ಸಾಲುಗಳು, ಇಕ್ಕೆಲದ ಗೋಡೆಗಳಲ್ಲಿ ಬಾಗಿಲುಗಳು. ಮುಂದೆ ನಿಯಮ ಮಾಡಿದವರು ಈ ಎರಡೂ ಪದ್ಧತಿಗಳನ್ನು ಒಂದೇ ಸೂತ್ರದಡಿ ತಂದರು: ಸಾಲು ಉದ್ದವಾದಷ್ಟೂ ಸಂದು ಅಗಲವಾಗಬೇಕು. ಅಮೆರಿಕದ ಈಗಿನ ಸಂಹಿತೆಯಂತೆ 14 ಸೀಟಿನವರೆಗೆ 12 ಇಂಚು ಸಂದು ಸಾಕು; ಆಮೇಲಿನ ಪ್ರತಿ ಸೀಟಿಗೆ 0.3 ಇಂಚು ಸೇರಿಸಬೇಕು. ಒಂದೇ ಕಡೆ ದಾರಿಯಿದ್ದರೆ ಏಳರ ಮೇಲಿನ ಪ್ರತಿ ಸೀಟಿಗೆ 0.6 ಇಂಚು. ಸಂದನ್ನು ಅಳೆಯುವುದು ಮುಂದಿನ ಕುರ್ಚಿಯ ಬೆನ್ನು ಅತ್ಯಂತ ಹಿಂದಕ್ಕೆ ಚಾಚಿದ ಜಾಗದಿಂದ ಹಿಂದಿನ ಕುರ್ಚಿಯ ಮುಂಚಾಚಿನವರೆಗೆ. ಪ್ಲಾಸ್ಟಿಕ್ ಕುರ್ಚಿಗಳ ಬೆನ್ನು ಹಿಂದಕ್ಕೆ ವಾಲಿರುವುದರಿಂದ ಕಾಲಿನಿಂದ ಕಾಲಿಗೆ ಟೇಪು ಹಿಡಿದವರಿಗೆ ತಪ್ಪು ಲೆಕ್ಕ ಸಿಗುತ್ತದೆ.

ಭಾರತದಲ್ಲಿ ಈ ವಿಷಯ ನ್ಯಾಯಾಲಯದವರೆಗೆ ಹೋದದ್ದು ದೆಹಲಿಯ ಉಪಹಾರ್ ಚಿತ್ರಮಂದಿರದಿಂದ. 1997ರ ಜೂನ್ 13ರಂದು ಅಲ್ಲಿ 59 ಮಂದಿ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಬಲಬದಿಯ ದಾರಿಯನ್ನೇ ಮುಚ್ಚಿದ್ದು ಸಾವಿಗೆ ಕಾರಣವಾದ ಲೋಪಗಳಲ್ಲಿ ಒಂದೆಂದು ವಿಚಾರಣೆಯಲ್ಲಿ ಹೊರಬಂತು.

ಅಲ್ಲಿ ಸೀಟುಗಳಾದರೂ ನೆಲಕ್ಕೆ ಬಿಗಿದವು. ಕಲ್ಯಾಣ ಮಂಟಪದ ಬಿಡಿ ಕುರ್ಚಿಯ ತೊಡಕೇ ಬೇರೆ. ಬೆಳಿಗ್ಗೆ ಇದ್ದ ಸಾಲು ಮಧ್ಯಾಹ್ನಕ್ಕೆ ಇರುವುದಿಲ್ಲ. ನೆಂಟರು ಮಾತಿಗೆಂದು ಕುರ್ಚಿ ತಿರುಗಿಸುತ್ತಾರೆ, ತಡವಾಗಿ ಬಂದವರು ಒಂದನ್ನು ಎಳೆದು ನಡುದಾರಿಗೇ ಹಾಕಿಕೊಳ್ಳುತ್ತಾರೆ, ವಿಡಿಯೋದವರ ಸ್ಟ್ಯಾಂಡು ಉಳಿದ ಜಾಗ ನುಂಗುತ್ತದೆ. ಅಮೆರಿಕದ ಸಂಹಿತೆ 200 ಜನ ಮೀರಿದ ಸಭೆಯಲ್ಲಿ ಬಿಡಿ ಕುರ್ಚಿಗಳನ್ನು ಕನಿಷ್ಠ ಮೂರರಂತೆ ಜೋಡಿಸಿ ಕಟ್ಟಬೇಕೆಂದದ್ದು ಇದಕ್ಕೇ. ಇಲ್ಲಿ ಹಗ್ಗದಿಂದ ಕಾಲು ಕಟ್ಟಿದರೂ ಕೆಲಸವಾಗುತ್ತದೆ, ದಾರಿಯ ಅಂಚಿಗೆ ಟೇಪು ಅಂಟಿಸಿದರೆ ಇನ್ನೂ ಒಳ್ಳೆಯದು.

40 ಅಡಿ ಅಗಲ, 60 ಅಡಿ ಉದ್ದದ ಒಂದು ಸಭಾಂಗಣವಿದೆ ಎನ್ನೋಣ. ಕೈ ಇರುವ ಕುರ್ಚಿಗೆ 2 ಅಡಿ ಅಗಲ ಹಿಡಿದು ಏಳೇಳರ ಎರಡು ಪಾಲು ಮಾಡಿದರೆ 28 ಅಡಿ ಆಗುತ್ತದೆ. ಉಳಿದ 12 ಅಡಿಯಲ್ಲಿ ನಡುವೆ ನಾಲ್ಕು, ಎರಡು ಗೋಡೆಗಳ ಪಕ್ಕ ನಾಲ್ಕು ನಾಲ್ಕು ಅಡಿ ದಾರಿ. ಉದ್ದದಲ್ಲಿ ವೇದಿಕೆಯ ಮುಂದೆ 8, ಹಿಂಬಾಗಿಲ ಬಳಿ 6, ಮಧ್ಯದ ಅಡ್ಡದಾರಿಗೆ 4 ಅಡಿ ಬಿಟ್ಟರೆ 42 ಅಡಿ ಉಳಿಯುತ್ತದೆ. ಕುರ್ಚಿಯ ಆಳ 22 ಇಂಚು, ಸಂದು 14 ಇಂಚು, ಒಟ್ಟು 3 ಅಡಿ. ಅಲ್ಲಿಗೆ 14 ಸಾಲು, 196 ಕುರ್ಚಿ.

ಅದೇ ಜಾಗದಲ್ಲಿ ನಡುದಾರಿ, ಅಡ್ಡದಾರಿ ಎರಡನ್ನೂ ಕೈಬಿಟ್ಟು, ಪಕ್ಕದ ದಾರಿಗಳನ್ನು 3 ಅಡಿಗೆ ಇಳಿಸಿ, ಎರಡೂವರೆ ಅಡಿಗೊಂದು ಸಾಲು ಹಾಕಿದರೆ 17 ಕುರ್ಚಿಗಳ 18 ಸಾಲು, ಅಂದರೆ 306 ಕುರ್ಚಿ ಹಿಡಿಯುತ್ತವೆ. ಕಾಗದದ ಮೇಲೆ ಇದು ಲಾಭವೇ. ಆದರೆ 17 ಕುರ್ಚಿಯ ಸಾಲಿಗೆ ಬೇಕಾದದ್ದು ಸುಮಾರು 13 ಇಂಚು ಸಂದು, ಉಳಿದಿರುವುದು 8. ಒಬ್ಬರು ಹೊರಗೆ ಹೋಗಲು ಇಡೀ ಸಾಲು ಎದ್ದು ಕುರ್ಚಿ ಹಿಂದಕ್ಕೆ ತಳ್ಳಬೇಕಾದರೆ ಸಂದು ಸಾಲದೆಂದೇ ತಿಳಿಯಬೇಕು. ಒಂದು ಪಕ್ಕದ ದಾರಿ ಮುಚ್ಚಿಹೋದರೆ ಬೇಕಾಗುವ ಸಂದು 18 ಇಂಚಿಗೆ ಏರುತ್ತದೆ. ಏಳರ ಪಾಲಿನಲ್ಲಿ ಹಾಗಾಗುವುದಿಲ್ಲ. ಗೋಡೆಯ ಪಕ್ಕದ ದಾರಿ ಕೂಲರ್ ಇಟ್ಟು ಹಾಳಾದರೂ ಏಳು ಕುರ್ಚಿ ಒಂದೇ ದಾರಿಗೆ ಸಲ್ಲುತ್ತವೆ, 14 ಇಂಚು ಸಾಕಾಗುತ್ತದೆ. ಗಾಲಿಕುರ್ಚಿಯವರಿಗೆ ಅಡ್ಡದಾರಿಯ ಪಕ್ಕದ ಎರಡು ಕುರ್ಚಿ ತೆಗೆದರೆ ಜಾಗ ದೊರೆಯುತ್ತದೆ. ಇನ್ನೂರೈವತ್ತು ಜನರನ್ನು ಕರೆದವರಿಗೆ ಮಾತ್ರ ಈ ಸಭಾಂಗಣ ಸಾಲದು; ಅವರು ದೊಡ್ಡದನ್ನು ನೋಡಿಕೊಳ್ಳಬೇಕು.