ಈಸೂರಿನ ಹಾರ್ನ್, ಭದ್ರಾವತಿಯ ರೇಡಿಯೊ: ಸ್ವಿಚಿಂಗ್ ಆಂಪ್ಲಿಫೈಯರ್ ಮತ್ತು ಅದರ ಲೋ-ಪಾಸ್ ಫಿಲ್ಟರ್

ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್ ಎಂದರೆ ಆಕಾಶವಾಣಿ ಭದ್ರಾವತಿ. ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ರೇಡಿಯೊ ಮುಳ್ಳು ದಶಕಗಳ ಕಾಲ ನಿಂತದ್ದು ಹೆಚ್ಚಾಗಿ ಅಲ್ಲೇ. ಒಂದು ಪಕ್ಕಕ್ಕೆ 612ರ ಬೆಂಗಳೂರು, ಇನ್ನೊಂದು ಪಕ್ಕಕ್ಕೆ 765ರ ಧಾರವಾಡ. ಅದೇ ಊರುಗಳಲ್ಲಿ ಇನ್ನೊಂದು ಧ್ವನಿಯೂ ಇದೆ, ಮೈಕ್ ಸೆಟ್ಟಿನದು. ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರಿರಲಿ, ಚಂದ್ರಗುತ್ತಿಯ ಜಾತ್ರೆಯಿರಲಿ, 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಈಸೂರಿನಲ್ಲಿ ಹುತಾತ್ಮರನ್ನು ನೆನೆಯುವ ಸಭೆಯಿರಲಿ, ಬೀದಿಯುದ್ದಕ್ಕೂ ವೈರ್ ಎಳೆದು ಕಂಬಕ್ಕೊಂದು ಹಾರ್ನ್ ಕಟ್ಟುವುದು ವಾಡಿಕೆ. ಹೀಗೆ ಕಟ್ಟುವವರ ಪೆಟ್ಟಿಗೆಗೆ ಈಚೆಗೆ ಹಳೆಯ ಭಾರದ ಆಂಪ್ಲಿಫೈಯರಿನ ಬದಲು ಹಗುರವಾದ ‘ಕ್ಲಾಸ್ ಡಿ’ ಬಂದಿದೆ. ಇದರ ಔಟ್‌ಪುಟ್ಟಿಗೆ ಲೋ-ಪಾಸ್ ಫಿಲ್ಟರ್ ಏಕೆ ಬೇಕು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಸ್ಪೀಕರನ್ನು ಮುಂದಿಟ್ಟು ಉತ್ತರ ಹೇಳುತ್ತವೆ. ನನ್ನ ಮಟ್ಟಿಗೆ ಆ ಉತ್ತರ ಅರ್ಧ ಮಾತ್ರ. ಉಳಿದರ್ಧ ಪಕ್ಕದ ಮನೆಯ ರೇಡಿಯೊದಲ್ಲಿದೆ.

ಮೊದಲು ಈ ಯಂತ್ರ ಮಾಡುವ ಕೆಲಸ ನೋಡೋಣ. ಹಳೆಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದು ಅರ್ಧ ಮುಚ್ಚಿ ಸ್ಪೀಕರಿಗೆ ಬೇಕಾದಷ್ಟು ವಿದ್ಯುತ್ತನ್ನು ಬಿಟ್ಟು, ಮಿಕ್ಕದ್ದನ್ನು ತಾನೇ ಬಿಸಿಯಾಗಿ ಕಳೆಯುತ್ತಿತ್ತು. ಅದಕ್ಕೇ ಅದರ ಬೆನ್ನಿಗೆ ಅಷ್ಟು ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆನ್ ಇರುತ್ತದೆ, ಇಲ್ಲವೇ ಪೂರ್ತಿ ಆಫ್. ಮೈಕಿನಿಂದ ಬಂದ ಧ್ವನಿಯನ್ನು ಕಂಪ್ಯಾರೇಟರ್ ಎಂಬ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಾಂತರ ಬಾರಿ ಏರಿಳಿಯುವ ತ್ರಿಕೋನ ಅಲೆಯೊಂದಿಗೆ ಹೋಲಿಸುತ್ತದೆ. ಧ್ವನಿ ಮೇಲಿದ್ದರೆ ಔಟ್‌ಪುಟ್ ಧನ ವೋಲ್ಟಿಗೆ ಜಿಗಿಯುತ್ತದೆ, ಕೆಳಗಿದ್ದರೆ ಋಣ ವೋಲ್ಟಿಗೆ. ಮಾತು ಏರಿದಂತೆ ಧನ ಪಲ್ಸಿನ ಅಗಲ ಹೆಚ್ಚುತ್ತದೆ, ಇಳಿದಂತೆ ಕುಗ್ಗುತ್ತದೆ. ಇದೇ ಪಲ್ಸ್ ವಿಡ್ತ್ ಮಾಡ್ಯುಲೇಷನ್. ಪಲ್ಸುಗಳ ಸರಾಸರಿಯನ್ನು ತೆಗೆದರೆ ಮೂಲ ಧ್ವನಿ ದೊಡ್ಡದಾಗಿ ಸಿಗುತ್ತದೆ. ಆ ಸರಾಸರಿ ತೆಗೆಯುವ ಕೆಲಸವೇ ಫಿಲ್ಟರಿನದು.

ಇಂಥ ಪಲ್ಸುಗಳ ಸಾಲಿನಲ್ಲಿ ಯಾವ ಯಾವ ಆವರ್ತನಗಳು ಅಡಗಿರುತ್ತವೆ ಎಂಬ ಲೆಕ್ಕ ಆಂಪ್ಲಿಫೈಯರಿಗಿಂತ ಹಳೆಯದು. ಬೆಲ್ ಪ್ರಯೋಗಾಲಯದ ಡಬ್ಲ್ಯು. ಆರ್. ಬೆನೆಟ್ 1933ರಲ್ಲಿ ಪ್ರಕಟಿಸಿದ ಗಣಿತ ವಿಧಾನವನ್ನು ಎಚ್. ಎಸ್. ಬ್ಲ್ಯಾಕ್ 1953ರ ತಮ್ಮ ‘ಮಾಡ್ಯುಲೇಷನ್ ಥಿಯರಿ’ ಗ್ರಂಥದಲ್ಲಿ ಪಲ್ಸುಗಳಿಗೆ ಅನ್ವಯಿಸಿದರು. ಅದರಿಂದ ತಿಳಿಯುವುದಿಷ್ಟು: ಧ್ವನಿ ಇದ್ದ ಹಾಗೇ ಇರುತ್ತದೆ, ಆದರೆ ಅದರ ಜೊತೆಗೆ ಸ್ವಿಚಿಂಗ್ ಆವರ್ತನ, ಅದರ ಗುಣಕಗಳು, ಪ್ರತಿ ಗುಣಕದ ಎರಡೂ ಮಗ್ಗುಲಿಗೆ ಧ್ವನಿಯ ನೆರಳುಗಳು ಇರುತ್ತವೆ. ಈ ಬಗೆಯ ಆಂಪ್ಲಿಫೈಯರಿನ ಕಲ್ಪನೆಯನ್ನು 1950ರ ದಶಕದ ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಹೆಸರಿಗೆ ಸೇರಿಸುವುದುಂಟು. ಅಂಗಡಿಗೆ ಬಂದದ್ದು 1964ರಲ್ಲಿ, ಸಿಂಕ್ಲೇರ್ ಕಂಪನಿಯ ಎಕ್ಸ್-10 ಎಂಬ ಕಿಟ್ಟಾಗಿ. ಅದರ ಶಕ್ತಿ ಸುಮಾರು ಎರಡೂವರೆ ವ್ಯಾಟ್. ಎರಡು ವರ್ಷಗಳ ನಂತರದ ಎಕ್ಸ್-20 ಕೂಡ ನೆಚ್ಚುವಂಥದ್ದಾಗಲಿಲ್ಲ. ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರ್ ಆಫ್ ಆಗು ಎಂದರೆ ತಕ್ಷಣ ಆಗುತ್ತಿರಲಿಲ್ಲ. ನಿಧಾನದ ಸ್ವಿಚ್ಚಿಗೆ ಕಡಿಮೆ ಸ್ವಿಚಿಂಗ್ ಆವರ್ತನವೇ ಗತಿ. ಆವರ್ತನ ಕೆಳಗಿದ್ದರೆ ಧ್ವನಿಗೂ ಕಸಕ್ಕೂ ನಡುವೆ ಫಿಲ್ಟರ್ ನಿಲ್ಲಲು ಜಾಗ ಸಾಲದು. ಎಪ್ಪತ್ತರ ದಶಕದ ಕೊನೆಗೆ ವೇಗದ ಪವರ್ ಮಾಸ್‌ಫೆಟ್ಟುಗಳು ಬಂದ ಮೇಲೆ ಸ್ವಿಚಿಂಗ್ ನೂರಾರು ಕಿಲೋಹರ್ಟ್ಸಿಗೆ ಏರಿತು, ಆ ಜಾಗ ಸಿಕ್ಕಿತು. ಆದರೆ ಅದೇ ಏರಿಕೆ ಕಸವನ್ನು ಮಧ್ಯಮ ತರಂಗದ ಬಾಗಿಲಿಗೆ ತಂದು ನಿಲ್ಲಿಸಿತು. ಕ್ಲಾಸ್ ಡಿ ಚರಿತ್ರೆ ಬರೆಯುವವರು ಮಾಸ್‌ಫೆಟ್ಟನ್ನು ಹೊಗಳಿ ಮುಂದೆ ಹೋಗುತ್ತಾರೆ. ಈ ಎರಡನೆಯ ಪರಿಣಾಮಕ್ಕೆ ಅಷ್ಟು ಗಮನ ಸಿಕ್ಕಿಲ್ಲ.

ಒಂದು ಲೆಕ್ಕ ಮಾಡಿ ನೋಡಬಹುದು. ಧನ 35 ಮತ್ತು ಋಣ 35 ವೋಲ್ಟಿನ ಪವರ್ ಸಪ್ಲೈ, ಎರಡು ಮಾಸ್‌ಫೆಟ್, ಸ್ವಿಚಿಂಗ್ 225.5 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ. ವೇದಿಕೆಯ ಮೇಲೆ ಯಾರೂ ಮಾತಾಡುತ್ತಿಲ್ಲ. ಹಳೆಯ ಆಂಪ್ಲಿಫೈಯರಾದರೆ ಔಟ್‌ಪುಟ್ ಸೊನ್ನೆ. ಇಲ್ಲಿ ಮಾತ್ರ ಫಿಲ್ಟರಿಗೆ ಮುಂಚೆ ಪೂರ್ತಿ 35 ವೋಲ್ಟಿನ ಚೌಕ ಅಲೆ ಕುಣಿಯುತ್ತಲೇ ಇರುತ್ತದೆ. ಧನ, ಋಣ ಎರಡರ ಅಗಲವೂ ಸಮವಾದ್ದರಿಂದ ಸರಾಸರಿ ಸೊನ್ನೆ, ಅಷ್ಟೇ. ಚೌಕ ಅಲೆಯ ಮೂಲ ಆವರ್ತನದ ಪಾಲು ಸುಮಾರು 31.5 ವೋಲ್ಟ್. ಮೂರನೆಯ ಗುಣಕದ ಪಾಲು ಅದರ ಮೂರನೆಯ ಒಂದು, 10.5 ವೋಲ್ಟ್. ಆ ಮೂರನೆಯ ಗುಣಕ ಬೀಳುವುದು 676.5 ಕಿಲೋಹರ್ಟ್ಸಿನಲ್ಲಿ, ಭದ್ರಾವತಿಯಿಂದ ಒಂದೂವರೆ ಕಿಲೋಹರ್ಟ್ಸ್ ಆಚೆಗೆ.

ಫಿಲ್ಟರ್ ಇಲ್ಲದೆ ಇದನ್ನು ನೇರ ಸ್ಪೀಕರಿಗೆ ಕೊಟ್ಟರೆ ಏನಾಗುತ್ತದೆ? ದೊಡ್ಡ ವೂಫರಿಗೆ ವಿಶೇಷವೇನೂ ಆಗದು. ಅದರ ವಾಯ್ಸ್ ಕಾಯಿಲಿನ ಇಂಡಕ್ಟನ್ಸ್ ಅರ್ಧ ಮಿಲಿಹೆನ್ರಿ ಇದ್ದರೆ ಸ್ವಿಚಿಂಗ್ ಆವರ್ತನಕ್ಕೆ ಅದು 700 ಓಮ್‌ಗಿಂತ ಹೆಚ್ಚಿನ ತಡೆ. ಹರಿಯುವುದು ಕೆಲವು ಹತ್ತು ಮಿಲಿಆಂಪಿಯರ್. ಫಿಲ್ಟರ್ ಬೇಡ ಎನ್ನುವವರು ತೋರಿಸುವ ಪುರಾವೆ ಇದೇ. ಟ್ವೀಟರಿನ ಕಥೆ ಬೇರೆ. ಅದರ ಸಣ್ಣ ಕಾಯಿಲಿನಲ್ಲಿ 30 ಮೈಕ್ರೊಹೆನ್ರಿ, 6 ಓಮ್ ಎಂದುಕೊಂಡರೆ ಮುಕ್ಕಾಲು ಆಂಪಿಯರಿನ ಹತ್ತಿರ ಹರಿದು, ಸದ್ದೇ ಇಲ್ಲದಾಗಲೂ ಮೂರು ವ್ಯಾಟಿಗೂ ಮೀರಿ ಶಾಖ ಒಳಗೆ ಸೇರುತ್ತಿರುತ್ತದೆ. ಕ್ರಾಸ್‌ಓವರಿನ ಕೆಪ್ಯಾಸಿಟರ್ ಇದನ್ನು ತಡೆಯುವುದಿಲ್ಲ, ಹೆಚ್ಚಿನ ಆವರ್ತನವನ್ನು ಬಿಡುವುದೇ ಅದರ ಕೆಲಸ. ಅಗ್ಗದ ಬಾಕ್ಸುಗಳ ಪೀಜೊ ಟ್ವೀಟರ್ ತಾನೇ ಒಂದು ಕೆಪ್ಯಾಸಿಟರ್ ಆದ್ದರಿಂದ ಅದಕ್ಕೆ ಇನ್ನೂ ಕಷ್ಟ.

ಇನ್ನು ವೈರ್. 675 ಕಿಲೋಹರ್ಟ್ಸಿನ ಅಲೆಯುದ್ದ ಸುಮಾರು 444 ಮೀಟರ್. ಅದರ ಕಾಲು ಭಾಗ 111 ಮೀಟರ್. ದೇವಸ್ಥಾನದ ಅಂಗಳದಿಂದ ಬಸ್ ನಿಲ್ದಾಣದ ಹಾರ್ನಿನವರೆಗೆ ಎಳೆದ ವೈರಿಗೆ ಇದು ಮಾಮೂಲಿ ಉದ್ದ, ರೇಡಿಯೊ ಪ್ರಸಾರಕ್ಕೂ ಒಳ್ಳೆಯ ಆಂಟೆನಾದ ಉದ್ದ. ನೆಲದಿಂದ ಎತ್ತರಕ್ಕೆ, ಮನೆಗಳ ಸೂರಿನ ಪಕ್ಕದಲ್ಲೇ ಹಾದುಹೋಗುವ ಆ ವೈರಿನ ಮೇಲೆ 10 ವೋಲ್ಟ್ ಕೂತರೆ ಊರಿಗೇ ಒಂದು ಕಳ್ಳ ಪ್ರಸಾರ ಕೇಂದ್ರ ಸಿಕ್ಕಂತೆ. ರೇಡಿಯೊದಲ್ಲಿ ಅದು ಕೇಳುವುದು ಸಿಳ್ಳಿನ ರೂಪದಲ್ಲಿ: ಭದ್ರಾವತಿಯ 675ಕ್ಕೂ ನಮ್ಮ 676.5ಕ್ಕೂ ಇರುವ ವ್ಯತ್ಯಾಸವೇ 1500 ಹರ್ಟ್ಸಿನ ಕೂಗಾಗುತ್ತದೆ. ನಾಬನ್ನು ತುಸು ಅತ್ತಿತ್ತ ತಿರುಗಿಸಿದರೂ ಆ ಸಿಳ್ಳಿನ ಶ್ರುತಿ ಬದಲಾಗುವುದಿಲ್ಲ. ಎರಡು ಕೇಂದ್ರಗಳ ಜಗಳ ಅದು, ರೇಡಿಯೊದ ದೋಷವಲ್ಲ ಎಂದು ತಿಳಿಯುವುದು ಇದರಿಂದಲೇ. ತನ್ನ ಆವರ್ತನವನ್ನು ತಾನೇ ಹುಟ್ಟಿಸಿಕೊಳ್ಳುವ, ಐಆರ್‌ಎಸ್2092 ಚಿಪ್ಪಿನಂಥವುಗಳ ಸುತ್ತ ಕಟ್ಟಿದ ಬೋರ್ಡುಗಳಲ್ಲಿ ಧ್ವನಿ ಏರಿದಾಗ ಸ್ವಿಚಿಂಗ್ ಇಳಿಯುತ್ತದೆ. ಆಗ ಸಿಳ್ಳು ಒಂದೇ ಶ್ರುತಿಯಲ್ಲಿ ನಿಲ್ಲದೆ ಭಾಷಣದ ಜೊತೆ ಜಾರಾಡುತ್ತದೆ.

ಈಗ ಫಿಲ್ಟರ್ ಹಾಕೋಣ. 22 ಮೈಕ್ರೊಹೆನ್ರಿ ಕಾಯಿಲು ಸರಣಿಯಲ್ಲಿ, ಅದರಾಚೆ ಸ್ಪೀಕರಿಗೆ ಅಡ್ಡಲಾಗಿ 0.68 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್.

f₀ = 1 / (2π√(LC)) ≈ 41 kHz

ಕಿವಿಗೆ ಕೇಳುವ 20 ಕಿಲೋಹರ್ಟ್ಸಿನಿಂದ ಸಾಕಷ್ಟು ಮೇಲೆ, ಸ್ವಿಚಿಂಗಿನಿಂದ ಸಾಕಷ್ಟು ಕೆಳಗೆ. ಈ ಗಡಿ ದಾಟಿದ ಮೇಲೆ ಆವರ್ತನ ಇಮ್ಮಡಿಯಾದಾಗಲೆಲ್ಲ ಉಳಿಯುವ ವೋಲ್ಟೇಜು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. 31.5 ವೋಲ್ಟಿನ ಮೂಲ ಆವರ್ತನ ಒಂದು ವೋಲ್ಟಿನ ಆಸುಪಾಸಿಗೆ ಬರುತ್ತದೆ. ಭದ್ರಾವತಿಯ ಪಕ್ಕದ 10.5 ವೋಲ್ಟ್ 40 ಮಿಲಿವೋಲ್ಟಿಗೆ ಇಳಿಯುತ್ತದೆ. ಪೂರ್ತಿ ಸೊನ್ನೆಯಲ್ಲ ಎಂಬುದನ್ನು ಗಮನಿಸಬೇಕು. ಕೇಂದ್ರದ ಅಲೆ ಬಲವಾಗಿರುವ ಕಡೆ ಇಷ್ಟು ಗೊತ್ತಾಗುವುದಿಲ್ಲ; ದೂರದ ಧಾರವಾಡ ಹಿಡಿಯುವವನಿಗೆ ಇಂಥದೇ ಇನ್ನೊಂದು ಗುಣಕ ಇನ್ನೂ ತೊಂದರೆ ಕೊಡಬಹುದು. ಅದಕ್ಕಾಗಿಯೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಪುಟ್ಟ ಬೋರ್ಡುಗಳ ಟಿಪಿಎ3116ನಂಥ ಚಿಪ್ಪುಗಳಲ್ಲಿ ಸ್ವಿಚಿಂಗ್ ಆವರ್ತನವನ್ನೇ 400 ಕಿಲೋಹರ್ಟ್ಸಿನಿಂದ 1.2 ಮೆಗಾಹರ್ಟ್ಸಿನವರೆಗೆ ಬದಲಿಸಿ, ಕೇಳಬೇಕಾದ ಕೇಂದ್ರದಿಂದ ಸರಿದು ನಿಲ್ಲುವ ವ್ಯವಸ್ಥೆ ಮಾಡಿದ್ದಾರೆ.

ಈ ಫಿಲ್ಟರ್ ಲೆಕ್ಕ ಹಾಕಿದ್ದು 4 ಓಮ್ ಸ್ಪೀಕರಿಗೆ. 8 ಓಮ್ ಕಟ್ಟಿದರೆ 35 ಕಿಲೋಹರ್ಟ್ಸಿನ ಸುತ್ತ ಒಂದು ಉಬ್ಬು ಏಳುತ್ತದೆ, 20 ಕಿಲೋಹರ್ಟ್ಸಿನಲ್ಲಿ ಒಂದೂವರೆ ಡೆಸಿಬೆಲ್ ಹೆಚ್ಚಾಗುತ್ತದೆ. ಹಾರ್ನಿನಲ್ಲಿ ಅದು ಯಾರ ಕಿವಿಗೂ ಬೀಳದು. ಸ್ಪೀಕರನ್ನೇ ಕಳಚಿ ಆಂಪ್ಲಿಫೈಯರನ್ನು ಚಾಲೂ ಇಟ್ಟರೆ ಮಾತ್ರ ಕಾಯಿಲಿಗೂ ಕೆಪ್ಯಾಸಿಟರಿಗೂ ಲಗಾಮು ಇರುವುದಿಲ್ಲ. ಮೈಕು ಕೀರಿದಾಗ 41 ಕಿಲೋಹರ್ಟ್ಸಿನ ಹತ್ತಿರದ ಚೂರುಪಾರು ಸಿಕ್ಕರೂ ವೋಲ್ಟೇಜು ಸಪ್ಲೈಯನ್ನು ಮೀರಿ ಏರಬಲ್ಲದು. ಔಟ್‌ಪುಟ್ಟಿನಲ್ಲಿ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸರಣಿಯಾಗಿ ಅಡ್ಡ ಕೂತಿರುವುದು ಇದನ್ನು ತಡೆಯಲು.

ರಿಪೇರಿಯಲ್ಲಿ ಎಡವುವುದು ಹೆಚ್ಚಾಗಿ ಕಾಯಿಲಿನಲ್ಲಿ. ಸದ್ದಿಲ್ಲದಾಗಲೂ ಈ ಕಾಯಿಲಿನಲ್ಲಿ ತುದಿಯಿಂದ ತುದಿಗೆ ಮೂರೂವರೆ ಆಂಪಿಯರಿನ ತ್ರಿಕೋನ ಕರೆಂಟು ಓಡಾಡುತ್ತಿರುತ್ತದೆ. ಸುಟ್ಟ ಕಾಯಿಲು ತೆಗೆದು ಹಳೆಯ ಕಂಪ್ಯೂಟರ್ ಸಪ್ಲೈಯ ಹಳದಿ-ಬಿಳಿ ಉಂಗುರಕ್ಕೆ ಅಷ್ಟೇ ಸುತ್ತು ತಂತಿ ಸುತ್ತಿ ಹಾಕಿದರೆ ಧ್ವನಿ ಬರುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆದರೆ ಆ ಉಂಗುರ ಕಬ್ಬಿಣದ ಪುಡಿಯದು, ಬಹುಪಾಲು ನೇರ ಕರೆಂಟು ಹರಿಯುವ ಜಾಗಕ್ಕೆ ಮಾಡಿದ್ದು. ಇಷ್ಟು ವೇಗದ ಏರಿಳಿತಕ್ಕೆ ಅದು ಮೈಕು ಆನ್ ಆಗುವ ಮುಂಚೆಯೇ ಮುಟ್ಟಲಾಗದಷ್ಟು ಕಾಯುತ್ತದೆ. ಫೆರೈಟ್ ಹಾಕಿ ಗಾಳಿಯ ಸಂದು ಬಿಡದಿದ್ದರೆ ಇನ್ನೊಂದು ತೊಡಕು: ಜೋರು ಧ್ವನಿಗೆ ಒಂಬತ್ತು, ಹತ್ತು ಆಂಪಿಯರ್ ಹರಿದಾಗ ಅದು ತುಂಬಿ ನಿಂತು, ಆ ಕ್ಷಣಕ್ಕೆ ಕಾಯಿಲೇ ಇಲ್ಲದಂತಾಗುತ್ತದೆ, ಮಾಸ್‌ಫೆಟ್ ಹೋಗುತ್ತದೆ. ಕೆಪ್ಯಾಸಿಟರಿನ ಜಾಗಕ್ಕೆ ಪಾಲಿಪ್ರೊಪಿಲೀನಿನದೇ ಬೇಕು. ಅಳತೆ ಸರಿಯಿದೆ ಎಂದು ಸಾಮಾನ್ಯ ಸೆರಾಮಿಕ್ ಹಾಕಿದರೆ ವೋಲ್ಟೇಜು ಬಿದ್ದಾಗ ಅದರ ಬೆಲೆ ಕುಗ್ಗಿ ಗಡಿ ಮೇಲಕ್ಕೆ ಜಾರುತ್ತದೆ.

ಮಲ್ಟಿಮೀಟರಿಗೆ ಇದು ಯಾವುದೂ ಕಾಣದು, ಅದು ಸೊನ್ನೆ ವೋಲ್ಟನ್ನೇ ತೋರಿಸುತ್ತದೆ. ಆಸಿಲೋಸ್ಕೋಪ್ ಇಲ್ಲದ ಅಂಗಡಿಯಲ್ಲಿ ಒಳ್ಳೆಯ ಅಳತೆಗೋಲು ಎಂದರೆ ಪುಟ್ಟ ಬ್ಯಾಟರಿ ರೇಡಿಯೊ. ಮಧ್ಯಮ ತರಂಗದಲ್ಲಿ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ, ಸ್ಪೀಕರ್ ವೈರಿನಿಂದ ಒಂದು ಮೊಳ ದೂರ ಹಿಡಿದು, ಮುಳ್ಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಹೋಗಬೇಕು. ಆಂಪ್ಲಿಫೈಯರ್ ಆರಿಸಿದಾಗ ಮಾಯವಾಗುವ ಸದ್ದು ಅದರದ್ದೇ. ಫಿಲ್ಟರ್ ಸರಿಯಿರುವ ಇನ್ನೊಂದು ಸೆಟ್ಟಿನ ಪಕ್ಕ ಇದೇ ಪರೀಕ್ಷೆ ಮಾಡಿದರೆ ವ್ಯತ್ಯಾಸ ಸ್ಪಷ್ಟ.

ಮೊಬೈಲಿನ ಒಳಗಿನ ಕ್ಲಾಸ್ ಡಿಗೆ ಫಿಲ್ಟರೇ ಇಲ್ಲವಲ್ಲ ಎಂಬ ಮಾತು ಬರುತ್ತದೆ, ನಿಜ. 2000ದ ಸುಮಾರಿಗೆ ಬಂದ ಆ ವಿನ್ಯಾಸದಲ್ಲಿ ಸ್ಪೀಕರಿನ ಎರಡೂ ತುದಿಗೆ ಒಂದೇ ಬಗೆಯ ಪಲ್ಸ್ ಹೋಗುತ್ತದೆ. ಸದ್ದಿಲ್ಲದಾಗ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಸ್ಪೀಕರಿಗೆ ವ್ಯತ್ಯಾಸವೇ ಸಿಗದು, ಟ್ವೀಟರ್ ಬಿಸಿಯಾಗದು. ಆದರೆ ನೆಲಕ್ಕೆ ಹೋಲಿಸಿದರೆ ಎರಡು ತಂತಿಗಳೂ ಕುಣಿಯುತ್ತಲೇ ಇರುತ್ತವೆ. ತಂತಿ ಬೆರಳುದ್ದ ಇರುವವರೆಗೆ ಅದು ನಡೆಯುತ್ತದೆ. ಅದೇ ಬೋರ್ಡಿಗೆ ನೂರು ಮೀಟರ್ ವೈರ್ ಸಿಕ್ಕಿಸಿ ಈಸೂರಿನ ಬೀದಿಗೆ ಎಳೆದರೆ ರೇಡಿಯೊದಲ್ಲಿ ಸಿಳ್ಳು ಮತ್ತೆ ಶುರು, ಸ್ಪೀಕರ್ ಎಷ್ಟೇ ತಣ್ಣಗಿದ್ದರೂ.